ಮೆಟ್ರೋ ಮ್ಯಾಪ್ ಓದುವುದು ಹೇಗೆ? ಉಡುಪಿ ಬಸ್ ಇಳಿದು ಎಲೆಕ್ಟ್ರಾನಿಕ್ ಸಿಟಿಗೆ ಹೋಗ್ಲಿಕ್ಕುಂಟು

ಕಾಪು_ಲೈಟ್‌ಹೌಸ್
ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ರಾತ್ರಿ ಉಡುಪಿಯಿಂದ ಬಸ್ ಹತ್ತಿ ಸೋಮವಾರ ಬೆಳಿಗ್ಗೆ ಬೆಂಗಳೂರು. 10 ಗಂಟೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್ವ್ಯೂ, ಕಂಪನಿಯವರು ಹತ್ತಿರದ ಮೆಟ್ರೋ ಕೋನಪ್ಪನ ಅಗ್ರಹಾರ ಅಂತ ಬರೆದಿದ್ದಾರೆ. ಅಮ್ಮನೂ ಜೊತೆಗೆ ಬರ್ತಾರೆ. ಇಬ್ಬರೂ ಈವರೆಗೆ ಮೆಟ್ರೋ ಹತ್ತಿದವರಲ್ಲ. ನೆಟ್‌ನಲ್ಲಿ ಮ್ಯಾಪ್ ತೆಗೆದು ನೋಡಿದೆ, ನೇರಳೆ, ಹಸಿರು, ಹಳದಿ, ಮತ್ತೆ ಚುಕ್ಕೆ ಚುಕ್ಕೆಯ ಗುಲಾಬಿ, ನೀಲಿ. ಎಲ್ಲಿ ಇಳಿದು ಎಲ್ಲಿ ಹತ್ತುವುದು, ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂತದ್ದೂ ಅರ್ಥ ಆಗ್ಲಿಲ್ಲ. ಮ್ಯಾಪ್‌ನಲ್ಲಿ ಎಲ್ಲ ಸ್ಟೇಷನ್ನೂ ಒಂದೇ ಅಂತರದಲ್ಲಿ ಕಾಣ್ತದೆ, ಅದು ನಿಜವಾ? ಬಸ್ಸಿನವ ಮೆಜೆಸ್ಟಿಕ್‌ವರೆಗೆ ಹೋಗ್ತಾನೆ. ಗೊತ್ತಿದ್ದವರು ಹೇಳಿ.

ಸುರತ್ಕಲ್_ಎಂಜಿನ್
ಸಿಂಪಲ್. ಮೆಜೆಸ್ಟಿಕ್‌ನಲ್ಲಿ ಇಳೀರಿ, ಎಲ್ಲ ಲೈನೂ ಅಲ್ಲೇ ಸೇರುವುದು, ಅಲ್ಲಿ ಬದಲಿಸಿ ಹಳದಿ ಹಿಡೀರಿ. ದೂರ ಬೇಕಿದ್ರೆ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೀರಿ, ಒಂದು ಲೈನಿನ ಒಟ್ಟು ಕಿಲೋಮೀಟರ್ ಗೊತ್ತಿದ್ರೆ ಇಂಚಿಗೆ ಎಷ್ಟು ಅಂತ ಬಂದೇ ಬರ್ತದೆ.

ರೈಲುಮರ್ಲ್
ಸುರತ್ಕಲ್ನವರೇ, ನಿಮ್ಮ ಮೊದಲನೇ ಮಾತು 2025ರ ಆಗಸ್ಟ್‌ವರೆಗೆ ಸರಿ ಇತ್ತು. ಆವರೆಗೆ ಇದ್ದದ್ದು ನೇರಳೆ ಮತ್ತು ಹಸಿರು ಎರಡೇ, ಅವು ಸೇರುವುದು ಮೆಜೆಸ್ಟಿಕ್‌ನಲ್ಲಿ ಮಾತ್ರ. ಆಗಸ್ಟ್‌ನಲ್ಲಿ ಹಳದಿ ಶುರುವಾಯ್ತಲ್ಲ, ಅದು ಮೆಜೆಸ್ಟಿಕ್‌ಗೆ ಬರುವುದೇ ಇಲ್ಲ. ಅದು ಹಸಿರನ್ನು ಮುಟ್ಟುವುದು ಆರ್.ವಿ. ರೋಡ್‌ನಲ್ಲಿ, ಬೋರ್ಡಿನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆ ಅಂತ ಪೂರ್ತಿ ಹೆಸರು ಇರ್ತದೆ. ಅಲ್ಲಿಂದ ಬೊಮ್ಮಸಂದ್ರದವರೆಗೆ ಹೋಗ್ತದೆ. ಹಾಗಾಗಿ ಕಾಪುವಿನವರಿಗೆ ಮೆಜೆಸ್ಟಿಕ್‌ನಲ್ಲಿ ಬದಲಿಸುವ ಕೆಲಸವೇ ಇಲ್ಲ, ಮೆಜೆಸ್ಟಿಕ್‌ಗಿಂತ ಮೊದಲೇ ಹಸಿರು ಹತ್ತಿ ಕೂತವರು ಮೆಜೆಸ್ಟಿಕ್ ಬಂದಾಗ ಏಳ್ಬಾರ್ದು. ಅಲ್ಲಿ ಅರ್ಧ ರೈಲು ಖಾಲಿ ಆಗ್ತದೆ, ಎಲ್ಲರೂ ಇಳಿದ್ರು ಅಂತ ನೀವೂ ಇಳಿದುಬಿಡ್ಬೇಡಿ.

ಎರಡನೇ ಮಾತು, ಸ್ಕೇಲ್ ಇಟ್ಟು ಅಳೆಯುವುದು, ಯಾವತ್ತೂ ಸರಿ ಇರ್ಲಿಲ್ಲ. ಆ ಮ್ಯಾಪ್ ಅಳತೆಗೆ ಬರೆದದ್ದೇ ಅಲ್ಲ. ನಮ್ಮಲ್ಲಿ ಮದುವೆ ಕಾಗದದ ಹಿಂದೆ ಹಾಲ್‌ಗೆ ದಾರಿ ಅಂತ ಒಂದು ಚಿತ್ರ ಹಾಕ್ತಾರಲ್ಲ, ಪೆಟ್ರೋಲ್ ಪಂಪ್, ದೇವಸ್ಥಾನ, ಎಡಕ್ಕೆ ತಿರುಗಿ ಅಂತ, ಅದೇ ಜಾತಿ. ಯಾವುದರ ನಂತರ ಯಾವುದು ಅಂತ ನಂಬಬಹುದು, ಎಷ್ಟು ದೂರ ಅಂತ ನಂಬ್ಲಿಕ್ಕಾಗುದಿಲ್ಲ.

ಈ ಥರ ಬರೆಯುವ ಕ್ರಮ ಲಂಡನ್ನಿನದ್ದು. ಹ್ಯಾರಿ ಬೆಕ್ ಅಂತ ಅಲ್ಲಿನ ರೈಲ್ವೆಯ ಡ್ರಾಫ್ಟ್ಸ್‌ಮನ್ 1931ರಲ್ಲಿ ಬರೆದದ್ದು, 1933ರಲ್ಲಿ ಪ್ರಿಂಟ್ ಆಯ್ತು. ನೆಲದಡಿ ಹೋಗುವವನಿಗೆ ಮೇಲಿನ ರಸ್ತೆ ಎಲ್ಲಿ ತಿರುಗ್ತದೆ ಅಂತ ಬೇಡ, ಎಲ್ಲಿ ಇಳಿಯುವುದು ಎಲ್ಲಿ ಬದಲಿಸುವುದು ಅಂತ ಗೊತ್ತಾದ್ರೆ ಸಾಕು ಅಂತ ಅವನ ಲೆಕ್ಕ. ಗೆರೆ ಎಲ್ಲ ನೇರ ಅಥವಾ 45 ಡಿಗ್ರಿ ಓರೆ, ಊರಿನ ನಡುವಿನ ಭಾಗ ಹಿಗ್ಗಿಸಿದ್ದು, ಹೊರಗಿನದ್ದು ಕುಗ್ಗಿಸಿದ್ದು. ಅಲ್ಲಿ ಲೀಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ 300 ಮೀಟರ್ ಸಹ ಇಲ್ಲ, ಮ್ಯಾಪ್ ನೋಡಿ ಹೊಸಬರು ಅದಕ್ಕೂ ರೈಲು ಹತ್ತುತ್ತಾರೆ.

ಕುಂದಾಪ್ರ_ಹೈದ
ಹ್ವಾಯ್, ಹೆಣ್ಣು ಕೇಂಡದ್ದು ಎಲೆಕ್ಟ್ರಾನಿಕ್ ಸಿಟಿ, ನೀವ್ ಲಂಡನ್ನಿಗೆ ಕರ್ಕೊಂಡ್ ಹೋದ್ರಿಯಲೆ ಮರ್ರೆ 😄

ಬೊಂಬಾಯಿ_ಶೆಟ್ರು
ನಾನು 30 ವರ್ಷಕ್ಕಿಂತ ಹೆಚ್ಚು ಮುಂಬೈಯಲ್ಲಿ ಹೋಟೆಲ್ ನಡೆಸಿದವ. ಮಗಾ, ಟ್ರೈನ್ ಹತ್ತುವ ಮೊದಲು ಫಾಸ್ಟಾ ಸ್ಲೋನಾ ಅಂತ ನೋಡ್ಬೇಕು. ಬಣ್ಣ ಅದಕ್ಕೇ ಇರುವುದು. ಫಾಸ್ಟ್ ಹತ್ತಿದ್ರೆ ನಿನ್ನ ಸ್ಟೇಷನ್ ಬಿಟ್ಟು ಮುಂದೆ ಹೋಗ್ತದೆ. ಬಾಗಿಲ ಹತ್ತಿರ ನಿಲ್ಲುವುದು ಒಳ್ಳೇದು.

ಬಂಟ್ವಾಳ್ತಿ
ಶೆಟ್ರೇ, ಅದು ಲೋಕಲ್ ಟ್ರೈನ್ ಕತೆ. ಬೆಂಗಳೂರು ಮೆಟ್ರೋದಲ್ಲಿ ಫಾಸ್ಟ್ ಸ್ಲೋ ಅಂತ ಇಲ್ಲ, ನಮ್ಮ ಎಕ್ಸ್‌ಪ್ರೆಸ್ ಬಸ್ಸು ಸರ್ವಿಸ್ ಬಸ್ಸಿನ ಭೇದ ಸಹ ಇಲ್ಲ. ಎಲ್ಲ ರೈಲೂ ದಾರಿಯಲ್ಲಿ ಸಿಗುವ ಎಲ್ಲ ಸ್ಟೇಷನ್ನಲ್ಲೂ ನಿಲ್ತದೆ. ಬಣ್ಣ ಅಂದ್ರೆ ಇದು ಯಾವ ದಾರಿ ಅಂತ ಅಷ್ಟೇ, ರೇಟಿಗೂ ಸ್ಪೀಡಿಗೂ ಸಂಬಂಧ ಇಲ್ಲ.

ಕಾಪುವಿನವರೇ, ನಾನು ಬೊಮ್ಮನಹಳ್ಳಿಯಲ್ಲಿ ಪಿಜಿಯಲ್ಲಿದ್ದೇನೆ, ಊರಿಗೆ ಹೋಗಿ ಬರುವುದು ಇದೇ ದಾರಿಯಲ್ಲಿ. ಬಣ್ಣಕ್ಕಿಂತ ನೀವು ನೋಡ್ಬೇಕಾದ್ದು ಆ ಲೈನಿನ ಕೊನೇ ಸ್ಟೇಷನ್ನಿನ ಹೆಸರು. ಹಸಿರು ಅಂತ ಗೊತ್ತಾದ್ರೂ ಅದು ಎರಡು ದಿಕ್ಕಿಗೆ ಹೋಗ್ತದಲ್ಲ, ಒಂದು ಕಡೆ ಮಾದಾವರ, ಇನ್ನೊಂದು ಕಡೆ ರೇಷ್ಮೆ ಸಂಸ್ಥೆ. ಪ್ಲಾಟ್‌ಫಾರ್ಮ್ ಬೋರ್ಡಿನಲ್ಲಿ ಈ ಕೊನೆ ಹೆಸರೇ ಬರೆದಿರುವುದು, ಹಸಿರಿನಲ್ಲಿ "ಆರ್.ವಿ. ರೋಡ್ ಕಡೆಗೆ" ಅಂತ ಇರುದಿಲ್ಲ. ಮ್ಯಾಪ್‌ನಲ್ಲಿ ನೀವು ಹತ್ತುವ ಚುಕ್ಕೆಯ ಮೇಲೆ ಬೆರಳಿಡಿ, ಇಳಿಯುವ ಚುಕ್ಕೆಯ ಕಡೆ ಎಳೀರಿ, ಅಲ್ಲಿ ನಿಲ್ಲಿಸದೆ ಗೆರೆ ಮುಗಿಯುವವರೆಗೆ ಎಳೀರಿ. ಕೊನೆಗೆ ಸಿಗುವ ಹೆಸರೇ ನಿಮ್ಮ ಪ್ಲಾಟ್‌ಫಾರ್ಮ್. ನಿಮಗೆ ಮೊದಲು ರೇಷ್ಮೆ ಸಂಸ್ಥೆ, ಆಮೇಲೆ ಹಳದಿಯಲ್ಲಿ ಬೊಮ್ಮಸಂದ್ರ. ಹಳದಿ ಆರ್.ವಿ. ರೋಡ್‌ನಿಂದಲೇ ಹೊರಡುವುದರಿಂದ ಅಲ್ಲಿ ದಿಕ್ಕು ತಪ್ಪುವ ಪ್ರಶ್ನೆ ಇಲ್ಲ.

ಮಣಿಪಾಲ್_ಹಾಸ್ಟೆಲ್
ಇಲ್ಲಿ ಒಂದು ದೊಡ್ಡ ಟ್ರ್ಯಾಪ್ ಇದೆ ಗುರು. ಹಸಿರು ಲೈನ್ ಕೊನೆಗೆ ಸಿಲ್ಕ್ ಇನ್‌ಸ್ಟಿಟ್ಯೂಟ್. ಹಳದಿ ಮಧ್ಯದಲ್ಲಿ ಸಿಲ್ಕ್ ಬೋರ್ಡ್. ಎರಡೂ ಸಿಲ್ಕು. ನಮ್ ಕ್ಲಾಸ್‌ಮೇಟ್ ಒಬ್ಬ ಸಿಲ್ಕ್ ಬೋರ್ಡಲ್ಲಿ ಫ್ರೆಂಡ್ ಕಾಯ್ತಿದಾನೆ ಅಂತ ಹಸಿರಲ್ಲೇ ಕೂತು ಕನಕಪುರ ರೋಡ್ ಕೊನೆವರೆಗೂ ಹೋಗಿ ಇಳಿದಿದ್ದ. ಯಾರಾದ್ರೂ ಫೋನಲ್ಲಿ "ಸಿಲ್ಕ್ ಕಡೆ ಹೋಗೋದು ಹತ್ತಿ" ಅಂದ್ರೆ ಯಾವ ಸಿಲ್ಕು ಅಂತ ಕೇಳಿ.

ಕಾಪು_ಲೈಟ್‌ಹೌಸ್
ಬೆರಳಿಟ್ಟು ಎಳೆದು ನೋಡಿದೆ, ಈಗ ಸ್ವಲ್ಪ ತಲೆಗೆ ಹೋಯ್ತು. ಆದ್ರೆ ಆರ್.ವಿ. ರೋಡ್‌ನಲ್ಲಿ ಬದಲಿಸುವುದು ಅಂದ್ರೆ ಹೊರಗೆ ಬಂದು ಇನ್ನೊಂದು ಟಿಕೆಟ್ ತೆಗೆಯುವುದಾ? ಅಮ್ಮನಿಗೆ ಮೊಣಕಾಲು ನೋವು, ಎಷ್ಟು ನಡೀಬೇಕು?

ಬಂಟ್ವಾಳ್ತಿ
ಬೇಡ ಬೇಡ, ಹೊರಗೆ ಬರ್ಲೇಬೇಡಿ. ಹತ್ತುವಾಗಲೇ ಕೋನಪ್ಪನ ಅಗ್ರಹಾರಕ್ಕೆ ಟಿಕೆಟ್ ತೆಗೀರಿ, ಪೂರಾ ಹೆಸರು ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ. ಆರ್.ವಿ. ರೋಡ್‌ನಲ್ಲಿ ಇಳಿದ ಮೇಲೆ ಹಳದಿ ಲೈನ್ ಬೋರ್ಡು, ಬಾಣದ ಗುರುತು ಹಿಡಿದು ಹೋಗಿ. ಟಿಕೆಟ್ ತೋರಿಸುವ ಗೇಟ್ ಎದುರಿಗೆ ಬಂದ್ರೆ ನೀವು ತಪ್ಪು ದಾರಿಯಲ್ಲಿದ್ದೀರಿ ಅಂತ ಅರ್ಥ, ವಾಪಸ್ ತಿರುಗಿ. ಟೋಕನ್ ಹಾಕಿ ಗೇಟ್ ದಾಟಿದ್ರೆ ಟೋಕನ್ ಅದು ನುಂಗಿಬಿಡ್ತದೆ, ಮತ್ತೆ ಹೊಸ ಟಿಕೆಟ್. ಲಿಫ್ಟ್ ಉಂಟು, ಅಮ್ಮನಿಗೆ ತೊಂದರೆ ಆಗ್ಲಿಕ್ಕಿಲ್ಲ. ಬೆಳಿಗ್ಗೆ ಎಂಟೂವರೆ ಮೇಲೆ ರಶ್ ಇರ್ತದೆ, ಅದು ಮಾತ್ರ.

ಬೊಂಬಾಯಿ_ಶೆಟ್ರು
ಸರಿ, ಮೆಟ್ರೋ ಬಗ್ಗೆಯೇ ಹೇಳ್ತೇನೆ. ಮುಂಬೈಯ ಮೆಟ್ರೋ ಮ್ಯಾಪ್ ನೋಡಿ, ಎರಡು ಲೈನ್ ಹತ್ತಿರ ಬಂದಲ್ಲಿ ಕೆಲವು ಕಡೆ ಒಂದೇ ಹೆಸರು ಇರುದಿಲ್ಲ. ಘಾಟ್ಕೋಪರ್ ವರ್ಸೋವಾ ಲೈನಿನಲ್ಲಿ ಡಿ.ಎನ್. ನಗರ ಅಂತ ಇಳಿದ್ರೆ ಹಳದಿ ಲೈನಿನ ಸ್ಟೇಷನ್ನಿಗೆ ಅಂಧೇರಿ ವೆಸ್ಟ್ ಅಂತ ಹೆಸರು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್ನಿನ ಪಕ್ಕದ್ದು ಗುಂದವಲಿ. ಮೇಲಿಂದಲೇ ಹೋಗ್ಲಿಕ್ಕೆ ಬ್ರಿಜ್ ಉಂಟು, ಆದ್ರೆ ಲೈನ್ ನಡೆಸುವವರು ಬೇರೆ ಬೇರೆ, ಗೇಟ್ ದಾಟಿ ಹೊರಗೆ ಬಂದು ಮತ್ತೆ ಒಳಗೆ ಹೋಗ್ಬೇಕು. ನನ್ನ ತಂಗಿಯ ಗಂಡ ಊರಿಂದ ಬಂದವ ಮ್ಯಾಪ್‌ನಲ್ಲಿ ಗುಂದವಲಿ ಹುಡುಕಿಕೊಂಡು ಅದರ ಪಕ್ಕದಲ್ಲೇ ನಿಂತಿದ್ದ.

ರೈಲುಮರ್ಲ್
ಶೆಟ್ರು ಹೇಳಿದ್ದು ಒಳ್ಳೇ ಪಾಯಿಂಟ್. ಇಂಟರ್‌ಚೇಂಜ್ ಅಂತ ಒಂದೇ ಉಂಗುರ ಬರೆದ್ರೂ ಒಳಗೆ ಹಲವು ಥರ ಇರ್ತದೆ. ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಒಂದರ ಮೇಲೊಂದು ಅಡ್ಡ ಹೋಗ್ತವೆ, ನೆಲದಡಿಯಲ್ಲಿ, ಹಾಗಾಗಿ ಅಲ್ಲಿ ಬದಲಿಸುವುದು ಅಂದ್ರೆ ಎಸ್ಕಲೇಟರ್‌ನಲ್ಲಿ ಮೇಲೆ ಕೆಳಗೆ. ಆರ್.ವಿ. ರೋಡ್ ರಸ್ತೆಯ ಮೇಲೆ ಕಂಬದಲ್ಲಿರುವ ಸ್ಟೇಷನ್. ಮ್ಯಾಪ್‌ನಲ್ಲಿ ಇವೆರಡಕ್ಕೂ ಒಂದೇ ಗುರುತು. ಬದಲಿಸ್ಲಿಕ್ಕೆ ಎಷ್ಟು ಹೊತ್ತು ಅಂತ ಮ್ಯಾಪ್ ಹೇಳುದಿಲ್ಲ.

ಇನ್ನೊಂದು ಹೇಳದೇ ಇರುವುದು ರೈಲು ಎಷ್ಟು ಹೊತ್ತಿಗೆ ಒಂದು ಅಂತ. ಹಸಿರು ಗೆರೆ, ಹಳದಿ ಗೆರೆ ಒಂದೇ ದಪ್ಪ. ಆದ್ರೆ ಹಳದಿ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆಮೇಲೆ ರೈಲು ಸೇರಿಸ್ತಾ ಕಾಯುವುದು ಕಡಿಮೆ ಆಗಿದೆ, ಆದ್ರೂ ಹಸಿರಿನ ಹಾಗೆ ಒಂದು ಹೋಯ್ತು ಇನ್ನೊಂದು ಬಂತು ಅಂತ ಲೆಕ್ಕ ಹಾಕ್ಬೇಡಿ. ಬದಲಿಸುವ ಕಡೆ ಒಂದು ಕಾಲು ಗಂಟೆ ಕೈಯಲ್ಲಿ ಇಟ್ಟುಕೊಳ್ಳಿ.

ಸುರತ್ಕಲ್_ಎಂಜಿನ್
ಒಪ್ಪಿದೆ ಮಾರಾಯ್ರೆ, ಆರ್.ವಿ. ರೋಡ್. ಆದ್ರೆ ಸ್ಕೇಲ್ ವಿಷಯ ಬಿಡುದಿಲ್ಲ. ಸ್ಟೇಷನ್ ಎಣಿಸಿದ್ರೆ ದೂರ ಸಿಗ್ತದಲ್ಲ? ಹಳದಿ ಲೈನ್ 19 ಕಿಲೋಮೀಟರ್, 16 ಸ್ಟೇಷನ್. ಭಾಗಿಸಿದ್ರೆ ಆಯ್ತು.

ರೈಲುಮರ್ಲ್
15ರಿಂದ ಭಾಗಿಸಿ, 16ರಿಂದ ಅಲ್ಲ. 16 ಸ್ಟೇಷನ್ನಿನ ನಡುವೆ 15 ಅಂತರ. 19.15 ಕಿ.ಮೀ.ಗೆ ಒಂದೂಕಾಲು ಕಿ.ಮೀ. ಚಿಲ್ಲರೆ ಬರ್ತದೆ. ಹಸಿರು 33 ಕಿ.ಮೀ. ಚಿಲ್ಲರೆ, ಮಾದಾವರದಿಂದ ರೇಷ್ಮೆ ಸಂಸ್ಥೆಗೆ 31 ಅಂತರ, ಅಂದ್ರೆ ಒಂದು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಇದು ಸರಾಸರಿ, ದಾರಿಯ ಅಂದಾಜಿಗೆ ಸಾಕು. ಆದ್ರೆ ಇದೇ ಎರಡು ಸ್ಟೇಷನ್ ನಡುವೆ ಇಷ್ಟೇ ಅಂತ ಹೇಳ್ಲಿಕ್ಕೆ ಸಾಕಾಗುದಿಲ್ಲ, ಕೆಲವು ಹತ್ತಿರ ಹತ್ತಿರ, ಕೆಲವು ದೂರ ದೂರ.

ನಾನು ಮಾಡುವ ಉಪಾಯ ಬೇರೆ. ಟಿಕೆಟ್ ರೇಟ್ ನೋಡುವುದು. ಮ್ಯಾಪ್ ಸುಳ್ಳು ಹೇಳಿದ್ರೂ ರೇಟ್ ನಿಜವಾದ ಕಿಲೋಮೀಟರ್ ಮೇಲೆ ನಿಂತಿರ್ತದೆ. 2025ರ ಫೆಬ್ರವರಿಯಲ್ಲಿ ಏರಿಸಿದ ರೇಟಿನ ಪ್ರಕಾರ ಮೊದಲ 2 ಕಿ.ಮೀ.ಗೆ 10 ರೂಪಾಯಿ, ಅಲ್ಲಿಂದ 10 ಕಿ.ಮೀ.ವರೆಗೆ ಪ್ರತಿ ಎರಡು ಕಿ.ಮೀ.ಗೆ ಇನ್ನೊಂದು 10, ಆಮೇಲೆ ಐದೈದು ಕಿ.ಮೀ.ಗೆ 10. 25 ಕಿ.ಮೀ. ದಾಟಿದ್ರೆ 90, ಅದಕ್ಕಿಂತ ಮೇಲೆ ಇಲ್ಲ. ಎರಡು ಸ್ಟೇಷನ್ ಹಾಕಿ 10 ರೂಪಾಯಿ ಅಂತ ಬಂದ್ರೆ ಎರಡು ಕಿ.ಮೀ. ಒಳಗೆ, ಸಾಮಾನು ಇಲ್ಲದಿದ್ರೆ ನಡೆದೂ ಹೋಗಬಹುದು. 60 ಅಂತ ಬಂದ್ರೆ 10ರಿಂದ 15 ಕಿ.ಮೀ. ನಡುವೆ. ಎಷ್ಟು ಸಲ ಬದಲಿಸಿದ್ದೀರಿ ಅಂತ ರೇಟಿಗೆ ಬೇಡ.

ಕುಂದಾಪ್ರ_ಹೈದ
ಇದ್ ಲಾಯ್ಕಿತ್ತ್. ರೇಟ್ ಕಂಡ್ಕಂಡ್ ದೂರ ಅಳುದು. ನಮ್ ಆಟೋದವರತ್ರ ಇದ್ ನಡುದಿಲ್ಲ ಕಾಣಿ, ಅಲ್ಲಿ ಮುಖ ಕಂಡ್ ರೇಟ್ ಹೇಳುದ್.

ಮಣಿಪಾಲ್_ಹಾಸ್ಟೆಲ್
ಅಂದ್ರೆ OP ಯಶವಂತಪುರದಿಂದ ಕೋನಪ್ಪನ ಅಗ್ರಹಾರಕ್ಕೆ ಎಷ್ಟು ಬರತ್ತೆ? ಲೆಕ್ಕ ಹಾಕಿ ನೋಡೋಣ. ಮತ್ತೆ ಮೆಜೆಸ್ಟಿಕ್‌ವರೆಗೆ ಬಸ್ಸಲ್ಲಿ ಯಾಕೆ ಹೋಗ್ಬೇಕು ಅಂತ ಯಾರೂ ಹೇಳಿಲ್ವಲ್ಲ. ಶಿರಾಡಿ ಮೇಲೆ ಬರೋ ಬಸ್ಸು ನೆಲಮಂಗಲ ದಾಟಿ ತುಮಕೂರು ರೋಡಲ್ಲೇ ಒಳಗೆ ಬರೋದು, ಹಸಿರು ಲೈನ್ ಅದೇ ರೋಡ್ ಪಕ್ಕ ಪಕ್ಕ ಬರತ್ತೆ. ಮ್ಯಾಪ್ ನೋಡಿದ್ರೆ ಇದು ಗೊತ್ತಾಗಲ್ಲ, ಯಾಕಂದ್ರೆ ಮೆಟ್ರೋ ಮ್ಯಾಪಲ್ಲಿ ರೋಡೇ ಇಲ್ಲ.

ಬಂಟ್ವಾಳ್ತಿ
ಹೌದು, ಅದೇ ಹೇಳ್ಬೇಕೂಂತಿದ್ದೆ. ಮಾದಾವರ, ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ, ಇಷ್ಟೂ ನಿಮ್ಮ ಬಸ್ಸಿನ ದಾರಿಯಲ್ಲೇ ಬರುವುದು. ನಾನು ಗೊರಗುಂಟೆಪಾಳ್ಯದಲ್ಲಿ ಇಳಿಯುವುದು. ಬಸ್ಸಿನವ ಫ್ಲೈಓವರ್ ಹತ್ತಿದ್ರೆ ನಡುವಿನ ಸ್ಟಾಪ್ ಎಲ್ಲ ಕೆಳಗೆ ಉಳೀತದೆ, ಫ್ಲೈಓವರ್ ಇಳಿದ ಮೇಲೆ ನಿಲ್ಲಿಸುವ ಜಾಗ ಇದು. ಕಂಡಕ್ಟರಿಗೆ ರಾತ್ರಿಯೇ ಹೇಳಿಡಿ, ಬೆಳಿಗ್ಗೆ ಅವನೂ ನಿದ್ದೆಯಲ್ಲಿರ್ತಾನೆ.

ಲೆಕ್ಕ ಹೀಗೆ. ಗೊರಗುಂಟೆಪಾಳ್ಯದಿಂದ ಆರ್.ವಿ. ರೋಡ್ 15ನೇ ಸ್ಟೇಷನ್, ಮೊದಲನೆಯದ್ದು ಯಶವಂತಪುರ ಅಂತ ಎಣಿಸಿದ್ರೆ. ಸ್ಟೇಷನ್ನಿಗೆ ಎರಡು ನಿಮಿಷ, ಅರ್ಧ ಗಂಟೆ. ಆರ್.ವಿ. ರೋಡ್‌ನಿಂದ ಕೋನಪ್ಪನ ಅಗ್ರಹಾರ 12ನೆಯದ್ದು, ಮೊದಲು ರಾಗಿಗುಡ್ಡ, ಆಮೇಲೆ ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡ್ ಹೀಗೆ. ಅದೂ ಅರ್ಧ ಗಂಟೆಯ ಹತ್ತಿರ. ಎಲೆಕ್ಟ್ರಾನಿಕ್ ಸಿಟಿ ಅಂತಲೇ ಒಂದು ಸ್ಟೇಷನ್ ಅದಕ್ಕಿಂತ ಮೊದಲು ಬರ್ತದೆ, ಹೆಸರು ಕೇಳಿ ಅಲ್ಲಿ ಇಳಿಯಬೇಡಿ, ನಿಮ್ಮದು ಅದರ ಮುಂದಿನದ್ದು. ಬದಲಿಸುವುದು ಕಾಯುವುದು ಸೇರಿ ಒಂದೂಕಾಲು ಗಂಟೆ ಅಂತ ಇಟ್ಟುಕೊಳ್ಳಿ. ದೂರ 25 ಕಿ.ಮೀ. ದಾಟ್ತದೆ, ಹಾಗಾಗಿ ಒಬ್ಬರಿಗೆ 90 ರೂಪಾಯಿ.

ಸುರತ್ಕಲ್_ಎಂಜಿನ್
90 ಹೇಗೂ ಮ್ಯಾಕ್ಸಿಮಮ್ ಅಂತಾದ್ರೆ ಮಾದಾವರದಲ್ಲೇ ಇಳೀಬಹುದಲ್ಲ? ಅದೇ ಮೊದಲ ಸ್ಟೇಷನ್, ರೈಲು ಖಾಲಿ, ಅಮ್ಮನಿಗೆ ಸೀಟ್ ಗ್ಯಾರಂಟಿ. ಗೊರಗುಂಟೆಪಾಳ್ಯಕ್ಕೆ ಬರುವಾಗ ರೈಲು ತುಂಬಿರ್ತದೆ. ಒಂದು ರೂಪಾಯಿ ಜಾಸ್ತಿ ಇಲ್ಲ.

ಬಂಟ್ವಾಳ್ತಿ
ರೂಪಾಯಿ ಇಲ್ಲ, ಹೊತ್ತು ಜಾಸ್ತಿ. ಮಾದಾವರದಿಂದ ಗೊರಗುಂಟೆಪಾಳ್ಯ ಎಂಟನೆಯದ್ದು, ಕಾಲು ಗಂಟೆ ಮೇಲೆ. ಬೆಳಿಗ್ಗೆ ಐದೂವರೆಗೆ ರೋಡ್ ಖಾಲಿ, ಬಸ್ಸು ಅದಕ್ಕಿಂತ ಬೇಗ ತಲುಪ್ತದೆ. ಆ ಹೊತ್ತಿಗೆ ರೈಲಿನಲ್ಲಿ ಎಲ್ಲಿ ಹತ್ತಿದ್ರೂ ಸೀಟ್ ಉಂಟು.

ಸುರತ್ಕಲ್_ಎಂಜಿನ್
ಘಾಟಿಯಲ್ಲಿ ಲಾರಿ ಅಡ್ಡ ನಿಂತು ಬಸ್ಸು ಎಂಟೂವರೆಗೆ ನೆಲಮಂಗಲ ತಲುಪಿದ್ರೆ? ಆಗ ತುಮಕೂರು ರೋಡಲ್ಲಿ ಕೂತು ಅಮ್ಮನ ಹತ್ತಿರ ಸಹಸ್ರನಾಮ ಹೇಳಿಸುವುದಾ? ಮಳೆಗಾಲದಲ್ಲಿ ಶಿರಾಡಿ ಗೊತ್ತುಂಟಲ್ಲ.

ಬಂಟ್ವಾಳ್ತಿ
ಲೇಟ್ ಆದ್ರೆ ಮಾದಾವರ, ಸರಿ. ಟೈಮಿಗೆ ಬಂದ್ರೆ ಗೊರಗುಂಟೆಪಾಳ್ಯವೇ.

ಸುರತ್ಕಲ್_ಎಂಜಿನ್
ನಾನಾದ್ರೆ ಎರಡೂ ದಿನ ಮಾದಾವರ.

ಪುತ್ತೂರು_ಅಜ್ಜಿಮನೆ
ನನ್ನದೊಂದು ಪ್ರಶ್ನೆ, ಹೊಸ ಪೋಸ್ಟ್ ಹಾಕುದಿಲ್ಲ, ಇಲ್ಲೇ ಕೇಳ್ತೇನೆ. ಅತ್ತೆ ಮಾವ ಬರುವ ರೈಲು ಎಸ್‌ಎಂವಿಟಿಗೆ ಹೋಗ್ತದೆ. ನಮ್ಮ ಮನೆ ವಿಜಯನಗರ. ಬೈಯಪ್ಪನಹಳ್ಳಿಯಲ್ಲಿ ಟರ್ಮಿನಲ್ ಅಂತಾರೆ, ಮೆಟ್ರೋ ಮ್ಯಾಪ್‌ನಲ್ಲಿ ನೇರಳೆಯಲ್ಲಿ ಬೈಯಪ್ಪನಹಳ್ಳಿ ಅಂತ ಸ್ಟೇಷನ್ ಉಂಟು, ಹಾಗಾದ್ರೆ ಇಳಿದು ನೇರ ಮೆಟ್ರೋಗೆ ಹೋಗಬಹುದಲ್ಲ?

ಮಣಿಪಾಲ್_ಹಾಸ್ಟೆಲ್
ಇದೇ ಎರಡನೇ ದೊಡ್ಡ ಟ್ರ್ಯಾಪ್. ಹೆಸರು ಒಂದೇ, ಜಾಗ ಒಂದೇ ಅಲ್ಲ. ಎಸ್‌ಎಂವಿಟಿಯಿಂದ ಬೈಯಪ್ಪನಹಳ್ಳಿ ಮೆಟ್ರೋಗೆ ಎರಡು ಕಿ.ಮೀ. ಮೇಲೆ ಇದೆ, ಸೂಟ್‌ಕೇಸ್ ಎಳ್ಕೊಂಡು ಹೋಗೋ ದಾರಿ ಅಲ್ಲ. ಬಸ್ಸು ಇಲ್ಲಾ ಆಟೋ ಮಾಡಬೇಕು.

ರೈಲುಮರ್ಲ್
ಮೊದಲು ಅವರ ಟಿಕೆಟ್ ನೋಡಿ, ಆ ರೈಲು ಎಸ್‌ಎಂವಿಟಿಗೆ ಮುಂಚೆ ಸಿಟಿ ಸ್ಟೇಷನ್ನಲ್ಲೋ ಯಶವಂತಪುರದಲ್ಲೋ ನಿಲ್ತದಾ ಅಂತ. ಸಿಟಿ ಸ್ಟೇಷನ್ ಆದ್ರೆ ಅಲ್ಲೇ ನೇರಳೆ ಲೈನ್, ಮ್ಯಾಪ್‌ನಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಅಂತ ಉದ್ದ ಹೆಸರು. ಚಲ್ಲಘಟ್ಟ ಕಡೆಯ ರೈಲು ಹತ್ತಿದ್ರೆ ಮಾಗಡಿ ರೋಡ್, ಹೊಸಹಳ್ಳಿ, ಮೂರನೆಯದ್ದು ವಿಜಯನಗರ. ಯಶವಂತಪುರ ಆದ್ರೆ ತುಮಕೂರು ರೋಡ್ ಕಡೆ ಹೊರಗೆ ಬಂದು ಹಸಿರು, ಇವರು ಮಾತ್ರ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸ್ಬೇಕು.

ಪುತ್ತೂರು_ಅಜ್ಜಿಮನೆ
ಮಾವ ಹಲಸಿನಕಾಯಿ ತರ್ತಾರೆ. ಮೆಟ್ರೋದಲ್ಲಿ ಬಿಡ್ತಾರಾ?

ಕುಂದಾಪ್ರ_ಹೈದ
ಸಣ್ಣದ್ ಎರಡ್ ತಪ್ಪುಕೆ ಹೇಳಿ. 15 ಕೆಜಿ ವರೆಗೆ ಸಾಮಾನಿಗೆ ದುಡ್ ಇಲ್ಲ. ಒಂದ್ ದೊಡ್ಡ ಹಲಸಿನಕಾಯಿಗೇ ಅದ್ ಮುಗೀತ್.

ಕಾಪು_ಲೈಟ್‌ಹೌಸ್
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇನ್ನೊಂದು ಕೇಳ್ತೇನೆ. ನನ್ನ ಹತ್ತಿರ ಇರುವ ಮ್ಯಾಪ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಕ್ಕೆ ನೀಲಿ ಗೆರೆ ಉಂಟು, ಅಲ್ಲಿಂದ ವಿಮಾನ ನಿಲ್ದಾಣಕ್ಕೂ. ಇಂಟರ್ವ್ಯೂ ಮುಗಿಸಿ ಕೆ.ಆರ್. ಪುರದ ಚಿಕ್ಕಮ್ಮನ ಮನೆಗೆ ಹೋಗುವ ಅಂತ ಇದ್ದೇವೆ, ನೀಲಿಯಲ್ಲಿ ಹೋದ್ರೆ ತುಂಬ ಹತ್ತಿರ ಕಾಣ್ತದೆ.

ರೈಲುಮರ್ಲ್
ಆ ನೀಲಿ ಇನ್ನೂ ಓಡ್ತಾ ಇಲ್ಲ. ನಿಮ್ಮ ಮ್ಯಾಪ್ ಮುಂದೆ ಆಗುವುದನ್ನೂ ಸೇರಿಸಿ ಬರೆದದ್ದು. ಗುಲಾಬಿ ಸಹ ಪೂರ್ತಿ ಶುರುವಾಗಿಲ್ಲ, ಹಾಗಾಗಿ ಜಯದೇವದಲ್ಲಿ ಉಂಗುರ ಕಂಡ್ರೂ ಅದನ್ನು ನಂಬಿ ಪ್ಲಾನ್ ಹಾಕ್ಬೇಡಿ. ಚುಕ್ಕೆ ಗೆರೆ ಅಥವಾ ತೆಳು ಬಣ್ಣ ಇದ್ರೆ ಕೆಳಗೆ ಮೂಲೆಯಲ್ಲಿ ಬರೆದಿರ್ತಾರೆ, ಯಾವುದು ಓಡ್ತಾ ಉಂಟು ಯಾವುದು ಕಟ್ತಾ ಇದ್ದಾರೆ ಅಂತ. ಕೆಲವರು ನೆಟ್‌ನಲ್ಲಿ ಹಾಕುವಾಗ ಆ ಮೂಲೆಯನ್ನೇ ಕತ್ತರಿಸಿ ಹಾಕ್ತಾರೆ, ಎಲ್ಲ ಗಟ್ಟಿ ಗೆರೆ ಮಾಡಿದ ಮ್ಯಾಪೂ ನೋಡಿದ್ದೇನೆ. ಯಾವುದಾದ್ರೂ ಸ್ಟೇಷನ್ನಿನ ಗೋಡೆಯಲ್ಲಿ ಅಂಟಿಸಿದ್ದು ನೋಡಿ, ಅಥವಾ ಟಿಕೆಟ್ ತೆಗೆಯುವ ಆ್ಯಪ್‌ನಲ್ಲಿ ಆ ಸ್ಟೇಷನ್ನಿಗೆ ಟಿಕೆಟ್ ಸಿಗ್ತದಾ ನೋಡಿ. ಟಿಕೆಟ್ ಇಲ್ಲ ಅಂದ್ರೆ ಲೈನ್ ಇಲ್ಲ.

ಈಗ ಮೆಟ್ರೋದಲ್ಲೇ ಹೋಗ್ತೇವೆ ಅಂದ್ರೆ ಹಳದಿಯಲ್ಲಿ ವಾಪಸ್ ಆರ್.ವಿ. ರೋಡ್, ಹಸಿರಿನಲ್ಲಿ ಮಾದಾವರ ದಿಕ್ಕಿಗೆ ಏಳನೆಯದ್ದು ಮೆಜೆಸ್ಟಿಕ್, ಅಲ್ಲಿಂದ ನೇರಳೆಯಲ್ಲಿ ವೈಟ್‌ಫೀಲ್ಡ್ ದಿಕ್ಕಿಗೆ 11ನೆಯದ್ದು ಕೆ.ಆರ್. ಪುರ. ಊರಿನ ನಡುವಿಗೆ ಹೋಗಿ ಮತ್ತೆ ಹೊರಗೆ ಬರುವುದು. ನೇರ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ 18 ಕಿ.ಮೀ. ಆಸುಪಾಸು.

ಮಣಿಪಾಲ್_ಹಾಸ್ಟೆಲ್
ಮಧ್ಯಾಹ್ನ ಆದ್ರೆ ಸಿಲ್ಕ್ ಬೋರ್ಡಲ್ಲಿ ಇಳಿದು ರಿಂಗ್ ರೋಡ್ ಬಸ್ಸು ಹತ್ತಿ, 500 ಸೀರೀಸ್‌ದು. ಸಂಜೆ ಆರು ಗಂಟೆ ಆದ್ರೆ ಕಣ್ಮುಚ್ಚಿ ಮೆಟ್ರೋ, ಎರಡು ಸಲ ಬದಲಿಸಿದ್ರೂ ಸರಿ. ಆ ರೋಡಲ್ಲಿ ಸಂಜೆ ಬಸ್ಸು ಚಲಿಸಲ್ಲ, ನಿಂತಿರತ್ತೆ.

ರೈಲುಮರ್ಲ್
ಅದು ನಾನು ಒಪ್ಪುದಿಲ್ಲ, ಎರಡು ಸಲ ಬದಲಿಸಿ ಅಷ್ಟು ಸುತ್ತಿ, ಮೊಣಕಾಲು ನೋವಿನವರನ್ನು ಸಂಜೆ ಮೆಜೆಸ್ಟಿಕ್ ರಶ್ಶಿನಲ್ಲಿ ಮೆಟ್ಟಿಲು ಹತ್ತಿಸುವುದು? ಬಸ್ಸಲ್ಲಿ ಕೂತಾದ್ರೂ ಇರಬಹುದು.

ಮಣಿಪಾಲ್_ಹಾಸ್ಟೆಲ್
ಸೀಟ್ ಸಿಕ್ರೆ ತಾನೇ ಕೂರೋದು.

ಬಂಟ್ವಾಳ್ತಿ
ಮತ್ತೆ ಟೈಮ್. ಹಸಿರು, ನೇರಳೆ ಸೋಮವಾರ ಬೆಳಿಗ್ಗೆ 4:15ಕ್ಕೇ ಕೊನೆ ಸ್ಟೇಷನ್‌ಗಳಿಂದ ಹೊರಡ್ತದೆ, ಊರಿಂದ ಬರುವವರಿಗಾಗಿಯೇ ಆ ದಿನ ಬೇಗ. ಹಳದಿ ಅಷ್ಟು ಬೇಗ ಅಲ್ಲ, ಹಾಗಾಗಿ ಕತ್ತಲೆಗೆ ಬಂದಿಳಿದ್ರೆ ಆರ್.ವಿ. ರೋಡ್‌ನಲ್ಲಿ ಕಾಯಬೇಕಾಗಬಹುದು. ಹಿಂದಿನ ದಿನ ಮೊದಲ ರೈಲು ಎಷ್ಟಕ್ಕೆ ಅಂತ ನೋಡಿಕೊಂಡು ಹೊರಡಿ. ಮತ್ತೆ ಇದನ್ನು ಓದುವವರು ಯಾರಾದ್ರೂ ಶನಿವಾರ ರಾತ್ರಿ ಬಸ್ಸಿಗೆ ಬರುವುದಾದ್ರೆ ನೆನಪಿಡಿ, ಭಾನುವಾರ ಮೆಟ್ರೋ ಶುರುವಾಗುವುದೇ 7ಕ್ಕೆ. ಐದೂವರೆಗೆ ಗೊರಗುಂಟೆಪಾಳ್ಯದಲ್ಲಿ ಇಳಿದ್ರೆ ಶಟರ್ ಎಳೆದಿರ್ತದೆ, ಆವತ್ತು ಬಸ್ಸಲ್ಲೇ ಮೆಜೆಸ್ಟಿಕ್‌ವರೆಗೆ ಬನ್ನಿ, ಅಲ್ಲಿ ಕಾಫಿಯಾದ್ರೂ ಸಿಗ್ತದೆ.

ಸುರತ್ಕಲ್_ಎಂಜಿನ್
ಅದಕ್ಕೇ ನಾನು ಮೊದಲೇ ಹೇಳಿದ್ದು ಮೆಜೆಸ್ಟಿಕ್ ಅಂತ.

ಕುಂದಾಪ್ರ_ಹೈದ
ಮಾದಾವರ ಅಂದದ್ ಯಾರ್ ಮರ್ರೆ ಹಂಗಾರೆ?

ಬೊಂಬಾಯಿ_ಶೆಟ್ರು
ಕಾಪುವಿನ ಮಗಳೇ, ಕಾಪುವಿನಲ್ಲಿ ಎಲ್ಲಿ ನೀನು? ಮಾರಿಗುಡಿ ಹತ್ತಿರವಾ?